ಹದಿನಾಲ್ಕು ಪುಟದ ಬಾಡಿಗೆ ಕರಾರು: ಚಾಟ್‌ಬಾಟ್ ಓದಿದ್ದು ಎಷ್ಟು, ಬಿಟ್ಟಿದ್ದು ಎಷ್ಟು

ಪ್ರಶ್ನೆ: ಎರಡು ವರ್ಷಕ್ಕೆ ಒಂದು ಮನೆ ಬಾಡಿಗೆಗೆ ಹಿಡಿಯುತ್ತಿದ್ದೇನೆ. ಕರಾರು ಇಂಗ್ಲಿಷಿನಲ್ಲಿ, ಹದಿನಾಲ್ಕು ಪುಟ. ಚಾಟ್‌ಬಾಟ್‌ಗೆ ಹಾಕಿ ಸರಳ ಕನ್ನಡದಲ್ಲಿ ವಿವರಣೆ ಪಡೆದೆ. ಎರಡು ತಿಂಗಳ ನೋಟಿಸ್ ಕೊಟ್ಟರೆ ಯಾವಾಗ ಬೇಕಾದರೂ ಬಿಡಬಹುದು, ಠೇವಣಿ ವಾಪಸ್ ಬರುತ್ತದೆ ಎಂದು ಅದರಲ್ಲಿತ್ತು. ಸ್ನೇಹಿತರೊಬ್ಬರು ಓದಿ, ಮೊದಲ ವರ್ಷ ಬಿಡುವಂತೆಯೇ ಇಲ್ಲ ಎಂದರು. ಅದನ್ನು ತಿಳಿಸಿದ ಕೂಡಲೇ ಚಾಟ್‌ಬಾಟ್ ಕ್ಷಮೆ ಕೇಳಿ ಮಾತು ಬದಲಿಸಿತು. ಅಂಥ ಷರತ್ತು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಒಂದು ತೀರ್ಪಿನ ಹೆಸರನ್ನೂ ಕೊಟ್ಟಿತು. ನನಗೆ ಕೆಲಸದಲ್ಲಿ ವರ್ಗಾವಣೆ ಆಗುವ ಸಾಧ್ಯತೆ ಇದೆ. ಮುಂದಿನ ವಾರ ಸಹಿ ಹಾಕಬೇಕು. ಇದನ್ನೇ ನಂಬಿ ಮುಂದುವರಿಯಬಹುದೇ, ಅಥವಾ ವಕೀಲರನ್ನು ನೋಡಲೇಬೇಕೇ? ಸಂಬಂಧಪಟ್ಟ ಮೂರು ಷರತ್ತುಗಳನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಷರತ್ತುಗಳನ್ನು ಕಳುಹಿಸಿದ್ದು ಒಳ್ಳೆಯದಾಯಿತು. ಅವಿಲ್ಲದೆ ನಾನು ಏನು ಹೇಳಿದರೂ ಅದು ಊಹೆಯೇ ಆಗುತ್ತಿತ್ತು. ಮೂರನ್ನೂ ಒಟ್ಟಿಗೆ ಇಟ್ಟು ಓದೋಣ. ಚಾಟ್‌ಬಾಟ್ ಎಲ್ಲಿ ಜಾರಿತು, ಎಲ್ಲಿಯವರೆಗೆ ಅದು ಉಪಯುಕ್ತ ಎಂಬುದು ಈ ಮೂರರಲ್ಲೇ ಗೊತ್ತಾಗುತ್ತದೆ.

ಷರತ್ತು 5ರ ಪ್ರಕಾರ ಎರಡರಲ್ಲಿ ಯಾವ ಪಕ್ಷದವರಾದರೂ ಎರಡು ತಿಂಗಳ ಲಿಖಿತ ನೋಟಿಸ್ ಕೊಟ್ಟು ಕರಾರನ್ನು ಮುಗಿಸಬಹುದು. ಷರತ್ತು 8ರ ಪ್ರಕಾರ ನೀವು ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಇಡಬೇಕು. ಮನೆ ಬಿಟ್ಟ ಮೂವತ್ತು ದಿನಗಳಲ್ಲಿ, ‘ಈ ಕರಾರಿನಡಿ ಬಾಕಿ ಇರುವ ಯಾವುದೇ ಮೊತ್ತ’ವನ್ನು ಕಳೆದು ಉಳಿದದ್ದನ್ನು ಮಾಲೀಕರು ಹಿಂದಿರುಗಿಸಬೇಕು. ಷರತ್ತು 11 ಬರುವುದು ನಾಲ್ಕು ಪುಟ ದಾಟಿದ ಮೇಲೆ. ಷರತ್ತು 5ರಲ್ಲಿ ಏನೇ ಇದ್ದರೂ ಮೊದಲ ಹನ್ನೆರಡು ತಿಂಗಳು ಲಾಕ್‌ಇನ್ ಅವಧಿ, ಆ ಅವಧಿಯಲ್ಲಿ ಬಾಡಿಗೆದಾರರು ಮನೆ ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆ ಕೊಡಬೇಕು, ಬಾಡಿಗೆದಾರರು ನೋಟಿಸ್ ಕೊಡಬಹುದಾದದ್ದು ಲಾಕ್‌ಇನ್ ಮುಗಿದ ಬಳಿಕವೇ ಎಂದು ಅಲ್ಲಿದೆ.

ಚಾಟ್‌ಬಾಟ್ ಮೊದಲ ಬಾರಿ ಕೊಟ್ಟ ವಿವರಣೆ 5 ಮತ್ತು 8ರ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಕರಾರಿನಲ್ಲಿ ಎಲ್ಲ ಷರತ್ತುಗಳೂ ಸಮಾನವಲ್ಲ. ‘ಏನೇ ಇದ್ದರೂ’ ಎಂದು ಆರಂಭವಾಗುವ ಷರತ್ತು ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಹತ್ತಾರು ಪುಟವನ್ನು ಹತ್ತು ಸಾಲಿಗೆ ಇಳಿಸುವಾಗ ಮೊದಲು ಉದುರಿ ಹೋಗುವುದು ಇಂಥ ವಿನಾಯಿತಿ, ಅಪವಾದ, ‘ಇದಕ್ಕೆ ಒಳಪಟ್ಟು’ ಎಂಬ ಕೊಂಡಿಗಳೇ. ಸಾಮಾನ್ಯ ನಿಯಮ ಉಳಿಯುತ್ತದೆ, ಅದನ್ನು ಮುರಿಯುವ ನಿಯಮ ಹೋಗುತ್ತದೆ. ಜೊತೆಗೆ, ಭಾಷಾ ಮಾದರಿಗಳು ದೀರ್ಘ ಪಠ್ಯದ ಆದಿ ಮತ್ತು ಅಂತ್ಯವನ್ನು ಬಳಸಿಕೊಂಡಷ್ಟು ಚೆನ್ನಾಗಿ ನಡುವಿನ ಸಂಗತಿಗಳನ್ನು ಬಳಸಿಕೊಳ್ಳುವುದಿಲ್ಲ ಎಂಬುದನ್ನು ಸಂಶೋಧಕರು 2023ರಲ್ಲೇ ತೋರಿಸಿದ್ದರು. ಆಮೇಲೆ ಬಂದ ಮಾದರಿಗಳು ಸುಧಾರಿಸಿವೆ. ಆದರೂ ಕರಾರು ಬರೆಯುವವರು ಬಿಗಿ ಷರತ್ತುಗಳನ್ನು ಇಡುವುದು ಹೆಚ್ಚಾಗಿ ನಡುವಿನ ಪುಟಗಳಲ್ಲೇ ಎಂಬುದನ್ನು ಮರೆಯಬೇಡಿ.

ಈಗ ಲೆಕ್ಕ ಹಾಕಿ ನೋಡೋಣ. ಕರಾರು ಜೂನ್ 1ಕ್ಕೆ ಆರಂಭವಾಯಿತು, ನವೆಂಬರ್ ಕೊನೆಗೆ ನಿಮಗೆ ವರ್ಗಾವಣೆ ಆದೇಶ ಬಂದಿತು, ಡಿಸೆಂಬರ್ 1ಕ್ಕೆ ನೋಟಿಸ್ ಕೊಟ್ಟು ಜನವರಿ 31ಕ್ಕೆ ಮನೆ ಬಿಟ್ಟಿರಿ ಎಂದುಕೊಳ್ಳಿ. ಷರತ್ತು 5 ಮಾತ್ರ ಇದ್ದಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು, ಮೂರು ತಿಂಗಳ ಠೇವಣಿ ಕೈಗೆ ಬರುತ್ತಿತ್ತು. ಷರತ್ತು 11ನ್ನು ಸೇರಿಸಿದರೆ, ಎಂಟು ತಿಂಗಳು ಕಳೆದಿದೆ, ಫೆಬ್ರುವರಿಯಿಂದ ಮೇ ತನಕ ನಾಲ್ಕು ತಿಂಗಳು ಬಾಕಿ ಇದೆ. ಆ ನಾಲ್ಕು ತಿಂಗಳ ಬಾಡಿಗೆ ಷರತ್ತು 8ರ ಅರ್ಥದಲ್ಲಿ ‘ಬಾಕಿ ಮೊತ್ತ’ವಾಗುತ್ತದೆ. ಠೇವಣಿ ಪೂರ್ತಿ ಹೋಗುತ್ತದೆ, ಮೇಲೆ ಒಂದು ತಿಂಗಳ ಬಾಡಿಗೆಯನ್ನು ನೀವೇ ಕೊಡಬೇಕು. ಎರಡು ಓದುಗಳ ನಡುವಿನ ಅಂತರ ನಾಲ್ಕು ತಿಂಗಳ ಬಾಡಿಗೆ.

ನಿಮ್ಮ ಸ್ನೇಹಿತರೂ ಗಮನಿಸಿರದ ಎರಡು ಸಂಗತಿಗಳು ಇದರಲ್ಲಿವೆ. ಲಾಕ್‌ಇನ್ ಹನ್ನೆರಡು ತಿಂಗಳು ಎಂದಿದ್ದರೂ, ನೋಟಿಸನ್ನು ಅದು ಮುಗಿದ ಬಳಿಕವೇ ಕೊಡಬೇಕು ಎಂದಿರುವುದರಿಂದ ನೀವು ಮುಂದಿನ ವರ್ಷ ಜೂನ್ 1ಕ್ಕೆ ನೋಟಿಸ್ ಕೊಟ್ಟು ಜುಲೈ 31ಕ್ಕೆ ಹೊರಬರಬಹುದು. ಅಂದರೆ ನಿಜವಾದ ಬಂಧನ ಹದಿನಾಲ್ಕು ತಿಂಗಳು. ಇನ್ನೊಂದು, ಷರತ್ತು 11 ಕಟ್ಟಿಹಾಕುವುದು ಬಾಡಿಗೆದಾರರನ್ನು ಮಾತ್ರ. ಮಾಲೀಕರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಕಾಗದದ ಪ್ರಕಾರ ಅವರು ಷರತ್ತು 5ನ್ನು ಬಳಸಿ ಮೂರನೆಯ ತಿಂಗಳಲ್ಲೇ ನಿಮಗೆ ನೋಟಿಸ್ ಕೊಡಬಹುದು. ಲಾಕ್‌ಇನ್ ಎಂದರೆ ಇಬ್ಬರಿಗೂ ಭದ್ರತೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ನನ್ನ ಮೇಜಿಗೆ ಬರುವ ಕರಾರುಗಳಲ್ಲಿ ಅದು ಒಂದೇ ದಿಕ್ಕಿನ ಬೀಗವಾಗಿರುವುದನ್ನು ಮತ್ತೆ ಮತ್ತೆ ನೋಡುತ್ತೇನೆ.

ಸ್ನೇಹಿತರ ಮಾತು ಕೇಳಿದ ಕೂಡಲೇ ಚಾಟ್‌ಬಾಟ್ ತನ್ನ ಉತ್ತರ ಬದಲಿಸಿತಲ್ಲ, ಅದನ್ನು ಅದರ ಪ್ರಾಮಾಣಿಕತೆಯ ಗುರುತು ಎಂದು ತಿಳಿಯಬೇಡಿ. ಬಳಕೆದಾರರು ಒತ್ತಿ ಹೇಳಿದ್ದಕ್ಕೆ ತಲೆಯಾಡಿಸುವ ಸ್ವಭಾವ ಈ ಸಾಧನಗಳಿಗಿದೆ. ಸ್ನೇಹಿತರು ತಪ್ಪು ಹೇಳಿದ್ದರೂ ಅದು ಒಪ್ಪಿಬಿಡುವ ಸಾಧ್ಯತೆ ಇತ್ತು. ನೀವು ‘ಹೌದಲ್ಲವೇ?’ ಎಂದು ಕೇಳಿದರೆ ಹೌದು, ‘ಅಲ್ಲವಲ್ಲ?’ ಎಂದು ಕೇಳಿದರೆ ಅಲ್ಲ ಎನ್ನುವ ಸಾಕ್ಷಿಯನ್ನು ನ್ಯಾಯಾಲಯದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವೂ ತೆಗೆದುಕೊಳ್ಳಬೇಡಿ.

ಹಾಗೆಂದು ಅದನ್ನು ಬದಿಗಿಡಿ ಎಂದು ನಾನು ಹೇಳುವುದಿಲ್ಲ. ಕರಾರನ್ನು ಓದದೆಯೇ ಸಹಿ ಹಾಕುತ್ತಿದ್ದ ಜನ ಈಗ ಓದಿಸಿಕೊಂಡು, ಪ್ರಶ್ನೆಗಳೊಂದಿಗೆ ಬರುತ್ತಿದ್ದಾರೆ. ವಕೀಲನಾಗಿ ನನಗೆ ಇದರಿಂದ ಅನುಕೂಲವೇ ಆಗಿದೆ. ಬದಲಿಸಬೇಕಾದದ್ದು ಕೇಳುವ ಕ್ರಮ. ‘ಈ ಕರಾರನ್ನು ಸರಳವಾಗಿ ವಿವರಿಸಿ’ ಎಂದು ಕೇಳಿದರೆ ಸಿಗುವುದು ಸಾರಾಂಶ, ಸಾರಾಂಶದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಕಾಣುವುದಿಲ್ಲ. ಅದರ ಬದಲು ಒಂದು ಸನ್ನಿವೇಶವನ್ನು ಹಿಡಿದು ಕೇಳಿ. ಅವಧಿಗೆ ಮುಂಚೆ ಮನೆ ಬಿಡುವುದಕ್ಕೆ ನೇರವಾಗಿ ಅಥವಾ ಪರೋಕ್ಷವಾಗಿ ಸಂಬಂಧಿಸಿದ ಎಲ್ಲ ಷರತ್ತುಗಳನ್ನು, ಸಂಖ್ಯೆ ಸಮೇತ, ಮೂಲದ ಪದಗಳಲ್ಲೇ ಎತ್ತಿ ಕೊಡುವಂತೆ ಹೇಳಿ. ವಿವರಣೆ ಆಮೇಲೆ ಬರಲಿ. ಕೊಟ್ಟ ಪ್ರತಿಯೊಂದು ಉಲ್ಲೇಖವನ್ನೂ ಕಾಗದದ ಮೇಲೆ ಬೆರಳಿಟ್ಟು ನೀವೇ ಹುಡುಕಿ. ಹುಡುಕಿದ ಸಾಲು ಪುಟದಲ್ಲಿ ಇಲ್ಲದಿದ್ದರೆ, ಅಥವಾ ಒಂದು ಪದ ಬೇರೆ ಇದ್ದರೆ, ಅದರ ಮೇಲೆ ಕಟ್ಟಿದ ವಿವರಣೆಯೂ ಬಿದ್ದಂತೆ. ಯಾವ ಷರತ್ತು ಯಾವುದನ್ನು ಮೀರುತ್ತದೆ ಎಂದು ಪ್ರತ್ಯೇಕವಾಗಿ ಕೇಳಿ. ನಾನು ಮೇಲೆ ಮಾಡಿದಂತೆ ದಿನಾಂಕಗಳನ್ನು ಕೊಟ್ಟು, ಆ ದಿನ ಬಿಟ್ಟರೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಮಾಡಿಸಿ. ದಿನಾಂಕ ಮತ್ತು ಮೊತ್ತ ಬಂದಾಗ ಅಡಗಿ ಕುಳಿತ ಷರತ್ತುಗಳು ಎದ್ದು ಕಾಣುತ್ತವೆ. ಕೊನೆಗೆ ಹೊಸ ಸಂಭಾಷಣೆಯೊಂದನ್ನು ತೆರೆದು, ನೀವು ಮಾಲೀಕರು ಎಂಬಂತೆ ಅದೇ ಪ್ರಶ್ನೆಯನ್ನು ಕೇಳಿ ನೋಡಿ. ಎರಡು ಉತ್ತರಗಳು ಬೇರೆಯಾದ ಜಾಗದಲ್ಲೇ ನಿಮ್ಮ ಅಪಾಯ ಇರುತ್ತದೆ.

ಕಾಗದವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಹಾಕಿದ್ದರೆ ಇನ್ನಷ್ಟು ಎಚ್ಚರ ಬೇಕು. ಮಸುಕಾದ ಪುಟದಲ್ಲಿ 11 ಎಂಬುದು 17 ಆಗಬಹುದು, ಕೈಬರಹದಲ್ಲಿ ತಿದ್ದಿದ ಅಂಕಿ ಕಾಣದೇ ಹೋಗಬಹುದು. ಅನುಬಂಧವನ್ನು ಅನೇಕರು ಹಾಕುವುದೇ ಇಲ್ಲ. ಆದರೆ ವಸ್ತುಗಳ ಪಟ್ಟಿ, ದುರಸ್ತಿಯ ಹೊಣೆ, ನಿರ್ವಹಣಾ ಶುಲ್ಕ ಇರುವುದು ಅಲ್ಲಿಯೇ. ಹೆಸರು, ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆ, ಸಹಿಗಳನ್ನು ಮರೆಮಾಡಿಯೇ ಹಾಕಿ. ಅರ್ಥ ತಿಳಿಯಲು ಅವು ಬೇಕಾಗಿಲ್ಲ. ವಕೀಲರೊಂದಿಗೆ ಆಡಿದ ಮಾತಿಗೆ ಇರುವ ಗೋಪ್ಯತೆಯ ರಕ್ಷಣೆ ಅಲ್ಲಿ ಟೈಪ್ ಮಾಡಿದ್ದಕ್ಕೂ ಇರುತ್ತದೆ ಎಂದು ಭಾವಿಸಬೇಡಿ.

ಇಲ್ಲಿಯವರೆಗಿನದು ಕಾಗದದಲ್ಲಿ ಬರೆದಿರುವುದನ್ನು ಅರ್ಥಮಾಡಿಕೊಳ್ಳುವ ಮಾತಾಯಿತು. ಕಷ್ಟ ಶುರುವಾಗುವುದು ನೀವು ಕೇಳಿದ ಮುಂದಿನ ಪ್ರಶ್ನೆಯಲ್ಲಿ: ಬರೆದಿರುವ ಷರತ್ತು ನಿಲ್ಲುತ್ತದೆಯೇ?

ಈ ಬಗ್ಗೆ ಎರಡು ತಪ್ಪು ನಂಬಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಓಡಾಡುತ್ತಿವೆ. ಸಹಿ ಹಾಕಿದ ಮೇಲೆ ಮುಗಿಯಿತು, ಬರೆದಂತೆಯೇ ನಡೆಯಬೇಕು ಎಂಬುದು ಒಂದು. ಷರತ್ತು ಅನ್ಯಾಯದ್ದಾಗಿದ್ದರೆ ನ್ಯಾಯಾಲಯ ಎತ್ತಿ ಎಸೆಯುತ್ತದೆ, ಆದ್ದರಿಂದ ಧೈರ್ಯವಾಗಿ ಸಹಿ ಹಾಕಿ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಕರಾರಿನ ಹಿಂದೆ ಕಾಗದದಲ್ಲಿ ಕಾಣಿಸದ ಕಾನೂನು ನಿಂತಿರುತ್ತದೆ. ಕೆಲವು ಷರತ್ತುಗಳನ್ನು ಅದು ಹಾಗೆಯೇ ಬಿಡುತ್ತದೆ, ಕೆಲವನ್ನು ಮೊಟಕುಗೊಳಿಸುತ್ತದೆ, ಕೆಲವನ್ನು ಅಳಿಸಿಯೇ ಹಾಕುತ್ತದೆ. ಯಾವುದನ್ನು ಏನು ಮಾಡುತ್ತದೆ ಎಂಬುದು ಮನೆ ಯಾವ ಕಾನೂನಿನ ವ್ಯಾಪ್ತಿಯಲ್ಲಿದೆ ಎಂಬುದರ ಮೇಲೆ ನಿಂತಿದೆ.

ನಿಮ್ಮ ಷರತ್ತು 11ನ್ನೇ ಅಕ್ಷರವೂ ಬದಲಿಸದೆ ಮೂರು ಕಡೆ ಇಟ್ಟು ನೋಡಿ. ಭಾರತದಲ್ಲಾದರೆ 1872ರ ಕರಾರು ಕಾಯ್ದೆಯ 74ನೇ ಕಲಮು ಎದುರಾಗುತ್ತದೆ. ಕರಾರು ಮುರಿದರೆ ಇಷ್ಟು ಕೊಡಬೇಕು ಎಂದು ಮೊದಲೇ ಬರೆದಿದ್ದರೂ, ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರ. ಬರೆದದ್ದು ಗರಿಷ್ಠ ಮಿತಿ, ಕಣ್ಣುಮುಚ್ಚಿ ಸಿಗುವ ಹಣವಲ್ಲ. ನೀವು ಬಿಟ್ಟ ಮರುವಾರವೇ ಹೊಸ ಬಾಡಿಗೆದಾರರು ಬಂದಿದ್ದರೆ ನಾಲ್ಕು ತಿಂಗಳ ಬಾಡಿಗೆ ನ್ಯಾಯೋಚಿತವೇ ಎಂದು ವಾದಿಸಲು ಅಲ್ಲಿ ಜಾಗವಿದೆ. ವಾದಿಸಲು ಜಾಗವಿದೆ ಎಂದೆ, ಗೆಲುವು ಖಚಿತ ಎನ್ನಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಾದರೆ 2019ರ ಕಾನೂನು ಇನ್ನೂ ನೇರವಾಗಿದೆ: ವಾಸದ ಮನೆಯ ಬಾಡಿಗೆದಾರರು ಅವಧಿಗೆ ಮುಂಚೆ ಬಿಟ್ಟರೆ, ಮನೆಯನ್ನು ಮತ್ತೆ ಬಾಡಿಗೆಗೆ ಕೊಡಲು ಮಾಲೀಕರು ಪ್ರಾಮಾಣಿಕ ಪ್ರಯತ್ನ ಮಾಡಲೇಬೇಕು, ಖಾಲಿ ಬಿಟ್ಟುಕೊಂಡು ಬಾಡಿಗೆ ಎಣಿಸುತ್ತ ಕೂರುವಂತಿಲ್ಲ. ಇಂಗ್ಲೆಂಡಿನಲ್ಲಿ 2025ರಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯು ಖಾಸಗಿ ಮನೆಗಳ ನಿಗದಿತ ಅವಧಿಯ ಬಾಡಿಗೆಯನ್ನೇ ತೆಗೆದುಹಾಕಿ, ಎರಡು ತಿಂಗಳ ನೋಟಿಸ್ ಕೊಟ್ಟು ಬಿಡುವ ಹಕ್ಕನ್ನು ಬಾಡಿಗೆದಾರರಿಗೆ ಕೊಡುತ್ತದೆ. 2026ರ ಮೇ 1ರಿಂದ ಅದು ಜಾರಿ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಆ ಕಾಯ್ದೆಗೆ ಒಳಪಡುವ ಮನೆಯಲ್ಲಿ ನಿಮ್ಮ ಲಾಕ್‌ಇನ್‌ಗೆ ನೆಲೆಯೇ ಉಳಿಯುವುದಿಲ್ಲ.

ಒಂದೇ ವಾಕ್ಯ, ಮೂರು ಫಲ. ಊರು ಯಾವುದೆಂದು ಹೇಳದೆ ಕೇಳಿದರೆ ಚಾಟ್‌ಬಾಟ್ ಈ ಮೂರನ್ನೂ ಕಲಸಿ ಒಂದು ಉತ್ತರ ಮಾಡಿ ಕೊಡುವ ಸಂಭವವಿದೆ. ಊರು ಹೇಳಿದರೂ, ಅದು ಕಲಿತ ಪಠ್ಯದಲ್ಲಿ ಹಳೆಯ ಕಾನೂನೇ ತುಂಬಿರಬಹುದು. ಇಂಗ್ಲೆಂಡಿನ ಉದಾಹರಣೆಯನ್ನೇ ತೆಗೆದುಕೊಳ್ಳಿ: ಹಳೆಯ ಪದ್ಧತಿಯ ಬಗ್ಗೆ ದಶಕಗಳ ಬರಹ ಇದೆ, ಹೊಸದರ ಬಗ್ಗೆ ಕೆಲವೇ ವರ್ಷಗಳದ್ದು. ಉತ್ತರದ ಧಾಟಿಯಲ್ಲಿ ಈ ಅನುಮಾನದ ಸುಳಿವೂ ಇರುವುದಿಲ್ಲ. ಹಳತಾದ ಕಾನೂನನ್ನೂ ಇಂದಿನ ಕಾನೂನಿನಷ್ಟೇ ನಿರರ್ಗಳವಾಗಿ ಅದು ಹೇಳಬಲ್ಲದು.

ಕಾಗದದ ಶೀರ್ಷಿಕೆಯೂ ದಾರಿ ತಪ್ಪಿಸಬಲ್ಲದು. ಇಂಗ್ಲೆಂಡಿನ ಉನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1985ರಲ್ಲಿ ತೀರ್ಮಾನಿಸಿದ ‘ಸ್ಟ್ರೀಟ್ ವರ್ಸಸ್ ಮೌಂಟ್‌ಫರ್ಡ್’ ಪ್ರಕರಣದಲ್ಲಿ ಕರಾರಿನ ಮೇಲೆ ಬಾಡಿಗೆ ಎಂದಲ್ಲ, ವಾಸಕ್ಕೆ ಪರವಾನಗಿ ಎಂದೇ ಬರೆದಿತ್ತು. ಬಾಡಿಗೆ ಕಾನೂನಿನ ರಕ್ಷಣೆ ತನಗಿಲ್ಲ ಎಂದು ಅಲ್ಲಿ ವಾಸಕ್ಕೆ ಬಂದ ಮಹಿಳೆ ಸಹಿಯನ್ನೂ ಹಾಕಿದ್ದರು. ಆದರೆ ಕೋಣೆಗಳು ಅವರ ಪ್ರತ್ಯೇಕ ಸ್ವಾಧೀನದಲ್ಲಿದ್ದವು, ಬಾಡಿಗೆ ಕೊಡುತ್ತಿದ್ದರು, ಅವಧಿ ಇತ್ತು. ಆದ್ದರಿಂದ ಅದು ಬಾಡಿಗೆ ಹಕ್ಕೇ ಎಂದು ತೀರ್ಪಾಯಿತು. ನೆಲ ಅಗೆಯಲು ಐದು ಹಲ್ಲಿನ ಉಪಕರಣ ಮಾಡಿ ಅದನ್ನು ಸಲಿಕೆ ಎಂದು ಕರೆದರೂ ಅದು ಮುಳ್ಳುಗುದ್ದಲಿಯೇ ಎಂಬರ್ಥದ ಮಾತನ್ನು ತೀರ್ಪು ಕೊಟ್ಟ ಲಾರ್ಡ್ ಟೆಂಪಲ್‌ಮನ್ ಅಲ್ಲಿ ಆಡಿದರು. ಚಾಟ್‌ಬಾಟ್‌ನ ಮುಂದಿರುವುದು ಮೇಲೆ ಅಂಟಿಸಿದ ಹೆಸರು ಮಾತ್ರ. ಬೀಗದ ಕೈ ಯಾರ ಬಳಿ ಇದೆ, ಮಾಲೀಕರು ಹೇಳದೆ ಒಳಗೆ ಬರುತ್ತಾರೆಯೇ, ಬಾಡಿಗೆ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನೆಲ್ಲ ವಕೀಲರು ನಿಮ್ಮನ್ನು ಕೂರಿಸಿ ಕೇಳುತ್ತಾರೆ. ನಿಮಗೆ ಮುಖ್ಯ ಎಂದೇ ತೋರದ, ಆದ್ದರಿಂದ ನೀವು ಟೈಪ್ ಮಾಡದ ವಿಷಯದಲ್ಲಿ ಪ್ರಕರಣ ತಿರುಗುವುದು ಅಪರೂಪವೇನಲ್ಲ.

ಇನ್ನು ಆ ತೀರ್ಪಿನ ಹೆಸರು. ನೀವು ಬರೆದುಕೊಟ್ಟ ಹೆಸರಿನಲ್ಲಿ ವರ್ಷವೂ ಇಲ್ಲ, ನ್ಯಾಯಾಲಯವೂ ಇಲ್ಲ. ಅದನ್ನು ಮಾಲೀಕರಿಗೆ ಬರೆಯುವ ಪತ್ರದಲ್ಲಿ ದಯವಿಟ್ಟು ಸೇರಿಸಬೇಡಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ‘ಮಾಟಾ ವರ್ಸಸ್ ಏವಿಯಾಂಕಾ’ ಎಂಬ ಪ್ರಕರಣದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸಿದರು. ಆ ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಅವು ನಿಜವೇ ಎಂದು ಅದೇ ಸಾಧನವನ್ನು ವಿಚಾರಿಸಿದಾಗ ನಿಜ ಎಂಬ ಉತ್ತರವೇ ಬಂದಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ವೃತ್ತಿಯಲ್ಲಿ ಪಳಗಿದವರೇ ಎಡವಿದ ಜಾಗ ಅದು. ತೀರ್ಪು ಇದೆಯೇ ಎಂದು ನೋಡಬೇಕಾದದ್ದು ನ್ಯಾಯಾಲಯದ ಅಧಿಕೃತ ಜಾಲತಾಣದಲ್ಲಿ ಅಥವಾ ಪ್ರಕಟಿತ ತೀರ್ಪುಗಳ ಸಂಪುಟದಲ್ಲಿ. ಇದ್ದರೂ ಕೆಲಸ ಮುಗಿಯುವುದಿಲ್ಲ: ಅದು ವಾಸದ ಮನೆಯ ಕುರಿತೇ, ಅಂಗಡಿಯ ಕುರಿತೇ, ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿದೆಯೇ ಎಂದು ಓದಿ ತಿಳಿಯಬೇಕು. ಅಂಗಡಿ ಮಳಿಗೆಯ ಲಾಕ್‌ಇನ್ ಬಗ್ಗೆ ಬಂದ ತೀರ್ಪನ್ನು ಮನೆಗೆ ಅಂಟಿಸುವುದು ನಾನು ಆಗಾಗ ಕಾಣುವ ತಪ್ಪು.

ಕಾಗದದಾಚೆಯ ಇನ್ನೂ ಒಂದು ವಿಷಯಕ್ಕೆ ಚಾಟ್‌ಬಾಟ್‌ನ ಕೈ ತಲುಪುವುದಿಲ್ಲ. ಮಾಲೀಕರು ಎಂದು ಸಹಿ ಹಾಕುವವರು ನಿಜಕ್ಕೂ ಮಾಲೀಕರೇ? ಪ್ರತಿನಿಧಿಯಾದರೆ ಅಧಿಕಾರ ಪತ್ರ ಎಲ್ಲಿದೆ, ಅದರಲ್ಲಿ ಬಾಡಿಗೆಗೆ ಕೊಡುವ ಅಧಿಕಾರ ಇದೆಯೇ? ಸಹಮಾಲೀಕರಿದ್ದಾರೆಯೇ? ಮನೆ ಸಾಲಕ್ಕೆ ಅಡಮಾನವಾಗಿದೆಯೇ? ಕರಾರು ಎಷ್ಟೇ ಅಚ್ಚುಕಟ್ಟಾಗಿದ್ದರೂ ಸಹಿ ಹಾಕಿದವರಿಗೆ ಹಕ್ಕಿಲ್ಲದಿದ್ದರೆ ಠೇವಣಿಯನ್ನು ಯಾರ ಬಳಿ ಕೇಳುತ್ತೀರಿ? ಕರಾರಿನ ಪುಟಗಳಲ್ಲಿ ಇದಕ್ಕೆ ಉತ್ತರವಿಲ್ಲ. ದಾಖಲೆಗಳನ್ನು ತರಿಸಿ ನೋಡಬೇಕು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ.

ಹೀಗೆಯೇ ಸಹಿ ಹಾಕಬಹುದು. ವರ್ಗಾವಣೆಯ ಸಾಧ್ಯತೆ ತೀರಾ ಕಡಿಮೆ ಇದ್ದು, ಬಂದರೂ ಆ ನಷ್ಟವನ್ನು ಹೊರಬಲ್ಲಿರಾದರೆ ಇದು ಮೂರ್ಖತನವಲ್ಲ. ಆದರೆ ನಷ್ಟ ಎಷ್ಟು ಎಂದು ಸರಿಯಾಗಿ ಎಣಿಸಿ. ಎಂಟನೆಯ ತಿಂಗಳ ಕೊನೆಗೆ ಬಿಟ್ಟರೆ ನಾಲ್ಕು ತಿಂಗಳ ಬಾಡಿಗೆ, ನಾಲ್ಕನೆಯ ತಿಂಗಳ ಕೊನೆಗೆ ಬಿಟ್ಟರೆ ಎಂಟು ತಿಂಗಳದ್ದು. ಎಷ್ಟು ಬೇಗ ವರ್ಗಾವಣೆಯೋ ಅಷ್ಟು ದೊಡ್ಡ ಹೊರೆ. ಕಾನೂನು ಅದನ್ನು ಕಡಿಮೆ ಮಾಡೀತು ಎಂಬ ಭರವಸೆಯ ಮೇಲೆ ಲೆಕ್ಕ ಹಾಕಬೇಡಿ. ಠೇವಣಿ ಮಾಲೀಕರ ಕೈಯಲ್ಲಿರುತ್ತದೆ, ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಓಡಾಡಬೇಕಾದವರು ನೀವು. ಕಾನೂನು ನಿಮ್ಮ ಪರವಾಗಿದ್ದರೂ ಮೂರು ತಿಂಗಳ ಬಾಡಿಗೆಗಾಗಿ ದಾವೆ ಹೂಡಿ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಮಾಲೀಕರಿಗೂ ಇದು ಗೊತ್ತಿರುತ್ತದೆ.

ಸಹಿಗೆ ಮುಂಚೆ ಷರತ್ತನ್ನು ಬದಲಿಸಿಕೊಳ್ಳಲು ಮಾತಾಡುವುದು ಇನ್ನೊಂದು ದಾರಿ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೊದಲು ಹಿಡಿಯುವುದು ಇದನ್ನೇ. ಸಹಿಗೆ ಮುಂಚಿನ ಒಂದು ಸಾಲಿನ ತಿದ್ದುಪಡಿ ಸಹಿಯ ನಂತರದ ವರ್ಷದ ವ್ಯಾಜ್ಯವನ್ನು ತಪ್ಪಿಸುತ್ತದೆ. ಹೆಚ್ಚಿನ ಮಾಲೀಕರಿಗೆ ಬೇಕಾಗಿರುವುದು ಮನೆ ಖಾಲಿ ಬೀಳದಿರುವುದು. ನಿಮ್ಮನ್ನು ಕಟ್ಟಿಹಾಕುವುದರಲ್ಲಿ ಅವರಿಗೇನೂ ಖುಷಿಯಿಲ್ಲ. ವರ್ಗಾವಣೆಯಾದರೆ ವಿನಾಯಿತಿ ಕೊಡಿ, ಎರಡು ತಿಂಗಳ ನೋಟಿಸ್ ಕೊಡುತ್ತೇನೆ, ಆ ಅವಧಿಯಲ್ಲಿ ಮನೆ ನೋಡಲು ಬರುವವರಿಗೆ ತೋರಿಸಲು ಅನುಕೂಲ ಮಾಡಿಕೊಡುತ್ತೇನೆ ಎಂದರೆ ಮಾತು ಮುಂದುವರಿಯುತ್ತದೆ. ಪೂರ್ತಿ ವಿನಾಯಿತಿ ಒಪ್ಪದಿದ್ದರೆ, ಕೊಡಬೇಕಾದ ಮೊತ್ತಕ್ಕೆ ಒಂದು ತಿಂಗಳ ಬಾಡಿಗೆಯ ಮಿತಿ ಹಾಕಿ ಎಂದು ಕೇಳಿ.

ಇಲ್ಲಿ ಚಾಟ್‌ಬಾಟ್‌ನಿಂದ ಕರಡು ಬರೆಸಿಕೊಳ್ಳುವ ಆಸೆ ಬರುತ್ತದೆ. ಬರೆಸಿ, ಆದರೆ ಒಂದು ವಿಷಯ ನೋಡಿಕೊಳ್ಳಿ. ಅದು ಸಾಮಾನ್ಯವಾಗಿ ಕೊಡುವುದು ‘ವರ್ಗಾವಣೆಯಾದಲ್ಲಿ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಕರಾರನ್ನು ಮುಗಿಸಬಹುದು’ ಎಂಬ ಒಂದು ಸುಂದರ ವಾಕ್ಯ. ಅದನ್ನು ಷರತ್ತು 16 ಎಂದು ಕೊನೆಯಲ್ಲಿ ಸೇರಿಸಿದರೆ ಏನಾಯಿತು? ಷರತ್ತು 11 ಹಾಗೆಯೇ ಇದೆ, ಷರತ್ತು 8ರ ‘ಬಾಕಿ ಮೊತ್ತ’ವೂ ಹಾಗೆಯೇ ಇದೆ. ಕರಾರು ಮುಗಿಸುವ ಹಕ್ಕು ಬಂತು, ಉಳಿದ ತಿಂಗಳ ಬಾಡಿಗೆಯ ಹೊಣೆ ಹೋಯಿತೇ ಎಂಬ ಜಗಳ ಉಳಿಯಿತು. ತಿದ್ದುಪಡಿಯು ಮೂರು ಷರತ್ತುಗಳನ್ನೂ ಮುಟ್ಟಬೇಕು. ಅದರ ತಾತ್ಪರ್ಯ ಹೀಗಿರಲಿ:

> ಷರತ್ತು 8 ಮತ್ತು 11ರಲ್ಲಿ ಏನೇ ಇದ್ದರೂ, ಬಾಡಿಗೆದಾರರ ಉದ್ಯೋಗದಾತರು ಅವರನ್ನು ಬೇರೆ ಊರಿಗೆ ವರ್ಗಾಯಿಸಿದಲ್ಲಿ, ಬಾಡಿಗೆದಾರರು ವರ್ಗಾವಣೆ ಆದೇಶದ ಪ್ರತಿಯೊಂದಿಗೆ ಷರತ್ತು 5ರ ಪ್ರಕಾರ ಎರಡು ತಿಂಗಳ ಲಿಖಿತ ನೋಟಿಸನ್ನು ಲಾಕ್‌ಇನ್ ಅವಧಿಯಲ್ಲಿಯೂ ನೀಡಿ ಮನೆಯನ್ನು ಬಿಡಬಹುದು. ಅಂಥ ಸಂದರ್ಭದಲ್ಲಿ ಲಾಕ್‌ಇನ್‌ನ ಉಳಿದ ಅವಧಿಗೆ ಬಾಡಿಗೆ ಅಥವಾ ಪರಿಹಾರ ಕೊಡಬೇಕಾಗಿಲ್ಲ. ಅದರ ಹೆಸರಿನಲ್ಲಿ ಠೇವಣಿಯಿಂದ ಯಾವ ಮೊತ್ತವನ್ನೂ ಕಳೆಯುವಂತಿಲ್ಲ.

ಜೊತೆಗೆ, ಲಾಕ್‌ಇನ್ ಅವಧಿಯಲ್ಲಿ ಮಾಲೀಕರೂ ಷರತ್ತು 5ರ ನೋಟಿಸ್ ಕೊಡುವಂತಿಲ್ಲ ಎಂದು ಷರತ್ತು 11ಕ್ಕೆ ಒಂದು ವಾಕ್ಯ ಸೇರಿಸಲು ಕೇಳಿ. ಬಾಯಿಮಾತಿನ ‘ಆಯಿತು ಬಿಡಿ, ನೋಡೋಣ’ ಎಂಬುದನ್ನು ಒಪ್ಪಿಕೊಳ್ಳಬೇಡಿ. ಈ ಬಗೆಯ ಬಹುತೇಕ ಕರಾರುಗಳ ಕೊನೆಯಲ್ಲಿ, ಇಲ್ಲಿ ಬರೆದದ್ದೇ ಪೂರ್ಣ ಒಪ್ಪಂದ, ಹಿಂದಿನ ಮಾತುಗಳು ಲೆಕ್ಕಕ್ಕಿಲ್ಲ ಎಂಬರ್ಥದ ಸಾಲೊಂದು ಇರುತ್ತದೆ. ನಿಮ್ಮದರಲ್ಲೂ ಇದೆಯೇ ಎಂದು ಹುಡುಕಿ ನೋಡಿ.

ಮೂರನೆಯದು ವಕೀಲರ ಬಳಿ ಹೋಗುವುದು. ಎಲ್ಲ ಬಾಡಿಗೆ ಕರಾರಿಗೂ ವಕೀಲರು ಬೇಕು ಎಂದು ಹೇಳಿದರೆ ನಾನು ನನ್ನ ವೃತ್ತಿಯ ಜಾಹೀರಾತು ಮಾಡಿದಂತಾಗುತ್ತದೆ. ಸಣ್ಣ ಠೇವಣಿ, ಒಂದು ತಿಂಗಳ ನೋಟಿಸ್, ಲಾಕ್‌ಇನ್ ಇಲ್ಲದ ಕರಾರಾದರೆ ನೀವೇ ಎಚ್ಚರದಿಂದ ಓದಿ ಸಹಿ ಹಾಕಬಹುದು. ನಿಮ್ಮದರಲ್ಲಿ ಎರಡು ಕಾರಣಗಳಿಗಾಗಿ ಒಮ್ಮೆ ತೋರಿಸಿ ಎನ್ನುತ್ತೇನೆ: ಸಂಭವನೀಯ ನಷ್ಟ ಹಲವು ತಿಂಗಳ ಬಾಡಿಗೆಯಷ್ಟಿದೆ, ಮತ್ತು ಆ ನಷ್ಟ ಉಂಟಾಗುವ ಘಟನೆ ನಿಮಗೆ ಈಗಲೇ ಕಣ್ಣಿಗೆ ಕಾಣುತ್ತಿದೆ. ಪೂರ್ತಿ ಕೆಲಸ ಒಪ್ಪಿಸಬೇಕಾಗಿಲ್ಲ. ಕರಾರಿನ ಪೂರ್ಣ ಪ್ರತಿ, ಮೇಲಿನ ದಿನಾಂಕಗಳ ಲೆಕ್ಕ, ತಿದ್ದುಪಡಿಯ ಕರಡು ಇಷ್ಟನ್ನು ಹಿಡಿದು ಹೋಗಿ, ಒಂದೇ ಬಾರಿಯ ಸಲಹೆಗೆ ಶುಲ್ಕ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಮನೆ ಇರುವ ಊರಿನಲ್ಲಿ ಷರತ್ತು 11 ಎಷ್ಟರಮಟ್ಟಿಗೆ ಜಾರಿಯಾಗುತ್ತದೆ, ಈ ಕರಡು ಅದನ್ನು ನಿಜವಾಗಿ ಮೀರುತ್ತದೆಯೇ, ಎರಡು ವರ್ಷದ ಕರಾರಿಗೆ ನೋಂದಣಿ ಮತ್ತು ಮುದ್ರಾಂಕ ಶುಲ್ಕ ಬೇಕೇ ಎಂಬ ಮೂರು ಪ್ರಶ್ನೆ ಸಾಕು. ಕೊನೆಯದನ್ನು ಸಣ್ಣದೆಂದು ಬಿಡಬೇಡಿ. ಭಾರತದಲ್ಲಿ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ಅದರ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಹೊರಟಾಗ 49ನೇ ಕಲಮು ಅಡ್ಡ ಬರುತ್ತದೆ. ನೀವು ಹೋರಾಡಿ ಹಾಕಿಸಿಕೊಂಡ ವರ್ಗಾವಣೆಯ ವಿನಾಯಿತಿಯೂ ಅದರೊಂದಿಗೆ ಸಿಕ್ಕಿಹಾಕಿಕೊಳ್ಳಬಹುದು. ಕರಾರನ್ನು ವಿವರಿಸಿ ಎಂದು ಕೇಳಿದ ಚಾಟ್‌ಬಾಟ್‌ಗೆ ಇದನ್ನು ಎತ್ತಲು ಕಾರಣವೇ ಇರಲಿಲ್ಲ, ಹದಿನಾಲ್ಕು ಪುಟಗಳಲ್ಲಿ ಎಲ್ಲಿಯೂ ಆ ಮಾತು ಬಂದಿರಲಿಕ್ಕಿಲ್ಲ.

ಸಹಿಯಾದ ಮೇಲೆ ವರ್ಗಾವಣೆ ಬಂದು, ಮಾಲೀಕರೊಂದಿಗೆ ತಕರಾರು ಶುರುವಾದರೆ ಮಾತ್ರ ಆಯ್ಕೆ ಇಲ್ಲ. ಆಗ ವಕೀಲರನ್ನೇ ನೋಡಿ. ಮಾಲೀಕರ ನೋಟಿಸಿಗೆ ಚಾಟ್‌ಬಾಟ್ ಬರೆದ ಉತ್ತರವನ್ನು ಕಳುಹಿಸಿಬಿಟ್ಟು ನಂತರ ಬರುವವರಿದ್ದಾರೆ. ‘ಲಾಕ್‌ಇನ್ ಇದೆ ಎಂದು ನನಗೆ ಗೊತ್ತು, ಆದರೂ ಅನಿವಾರ್ಯವಾಗಿ ಬಿಡುತ್ತಿದ್ದೇನೆ’ ಎಂಬ ವಿನಯದ ವಾಕ್ಯ ಓದಲು ಚೆನ್ನಾಗಿರುತ್ತದೆ. ನ್ಯಾಯಾಲಯದಲ್ಲಿ ಅದು ಕರಾರು ಮುರಿದದ್ದನ್ನು ನೀವೇ ಒಪ್ಪಿಕೊಂಡ ದಾಖಲೆಯಾಗುತ್ತದೆ. ಬರೆದುಕೊಟ್ಟ ಸಾಧನ ಅದಕ್ಕೆ ಹೊಣೆಯಲ್ಲ. ಸಲಹೆ ಕೊಟ್ಟ ವಕೀಲರಾದರೆ ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಮಾಲೀಕರು ಈ ವಾರದಲ್ಲೇ ತಿದ್ದುಪಡಿಗೆ ಒಪ್ಪಿದರೆ, ಅದನ್ನು ಬೇರೆ ಚೀಟಿಯಲ್ಲಿ ಅಥವಾ ಸಂದೇಶದಲ್ಲಿ ಬಿಡದೆ ಕರಾರಿನ ಪುಟದೊಳಗೇ ಸೇರಿಸಿ ಮರುಮುದ್ರಿಸಿಕೊಳ್ಳಿ. ಸಮಯವಿಲ್ಲದೆ ಕೈಯಲ್ಲೇ ತಿದ್ದಬೇಕಾಗಿ ಬಂದರೆ, ತಿದ್ದಿದ ಜಾಗದ ಪಕ್ಕದಲ್ಲಿ ಇಬ್ಬರೂ, ಎರಡೂ ಪ್ರತಿಗಳಲ್ಲಿ, ಸಹಿ ಹಾಕಿ ದಿನಾಂಕ ಬರೆಯಬೇಕು. ಠೇವಣಿಯ ಹಣ ವರ್ಗಾಯಿಸುವುದು ಅದಾದ ಮೇಲೆ.